ಹಾಲು ಆಸಿಡ್ ಮೇಲೆ, ನೀರು ಮಾತ್ರ ಯಾಕೆ ಬೇಡ?

ಡೇರಿ ಲ್ಯಾಬಿನಲ್ಲಿ ಗರ್ಬರ್ ವಿಧಾನದಿಂದ ಹಾಲಿನ ಫ್ಯಾಟ್ ನೋಡುವುದು ನನ್ನ ದಿನದ ಕೆಲಸ. ಹೋದ ತಿಂಗಳು ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಫ್ಯಾಟ್ ಅಳೆಯುವ ಗಾಜಿನ ನಳಿಕೆ, ಅಂದರೆ ಬ್ಯುಟಿರೋಮೀಟರ್, ಕೈಯಲ್ಲಿ ಹಿಡಿದು ಕೇಳಿದಳು: "ಸರ್, ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಹಾಕಬಾರದು ಅಂತ ಹೇಳಿಕೊಟ್ರಿ. ಇಲ್ಲಿ ಮೊದಲು 10 ಮಿಲಿ ಆಸಿಡ್ ಹಾಕಿ, ಅದರ ಮೇಲೆ ಹಾಲು ಬಿಡ್ತೀವಿ. ಹಾಲಿನಲ್ಲಿ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರೇ ಇದೆ ಅಲ್ವಾ?"

ಒಳ್ಳೆಯ ಪ್ರಶ್ನೆ. ಉತ್ತರ ಹೇಳಲು ನಾವು ಆ ಆಸಿಡ್ ಅನ್ನು ತಯಾರಿಸುವ ಜಾಗಕ್ಕೇ ಹೋಗಬೇಕಾಯಿತು.

ನಮಗೆ ಬರುವುದು 98 ಶೇಕಡಾ ಸಲ್ಫ್ಯೂರಿಕ್ ಆಸಿಡ್. ಫ್ಯಾಟ್ ಟೆಸ್ಟಿಗೆ ಅದು ತೀರಾ ಗಟ್ಟಿ. ಹಾಲನ್ನು ಸುಟ್ಟುಬಿಡುತ್ತದೆ, ಫ್ಯಾಟ್ ಪದರದಲ್ಲಿ ಕಪ್ಪು ಕಣ ಕಾಣುತ್ತವೆ. ತೀರಾ ತೆಳುವಾದರೆ ಪ್ರೋಟೀನ್ ಪೂರ್ತಿ ಕರಗದೆ ಬಿಳಿ ಕಣ ಉಳಿಯುತ್ತವೆ. ಎರಡರಲ್ಲೂ ರೀಡಿಂಗ್ ನಂಬುವ ಹಾಗಿಲ್ಲ. ನಮಗೆ ಬೇಕಾದದ್ದು 90-91 ಶೇಕಡಾ, ಅಂದರೆ 27 ಡಿಗ್ರಿಯಲ್ಲಿ ಸಾಂದ್ರತೆ 1.807 ರಿಂದ 1.812. ಒಂದು ಲೀಟರ್ ಮಾಡಲು ಸುಮಾರು 140 ಮಿಲಿ ನೀರು, 910 ಮಿಲಿ ಆಸಿಡ್ ಬೇಕು. ಕೂಡಿದರೆ 1050 ಆಗುತ್ತದೆ, ಆದರೆ ತಣ್ಣಗಾದ ಮೇಲೆ ಅಳೆದರೆ ಲೀಟರ್ ಆಸುಪಾಸು ಅಷ್ಟೇ ಇರುತ್ತದೆ. ಬೆರೆತಾಗ ಎರಡೂ ಅಷ್ಟು ಬಿಗಿಯಾಗಿ ಸೇರಿಕೊಳ್ಳುತ್ತವೆ.

ಆ ಸೇರುವಿಕೆಯೇ ಬಿಸಿಯ ಮೂಲ. ಆಸಿಡ್ ಅಣು ತನ್ನ ಹೈಡ್ರೋಜನ್ ಅಯಾನನ್ನು ನೀರಿನ ಅಣುವಿಗೆ ಕೊಡುತ್ತದೆ. ಆಗ ಹುಟ್ಟಿದ ಅಯಾನುಗಳ ಸುತ್ತ ಇನ್ನಷ್ಟು ನೀರಿನ ಅಣುಗಳು ಮುತ್ತಿಕೊಳ್ಳುತ್ತವೆ. ಈ ಹೊಸ ಬಂಧಗಳು ಹಳೆಯದಕ್ಕಿಂತ ಗಟ್ಟಿ. ಹಾಗಾಗಿ ಮಿಕ್ಕ ಶಕ್ತಿ ಬಿಸಿಯಾಗಿ ಹೊರಬರುತ್ತದೆ. ಇದನ್ನೇ ದ್ರಾವಣದ ಉಷ್ಣ ಅನ್ನುವುದು.

ಇಲ್ಲಿ ಒಂದು ಮಾತು ತುಂಬಾ ಜನಕ್ಕೆ ಗೊತ್ತಿಲ್ಲ. 910 ಮಿಲಿ ಆಸಿಡ್, 140 ಮಿಲಿ ನೀರು ಪೂರ್ತಿ ಬೆರೆತಾಗ ಬರುವ ಒಟ್ಟು ಬಿಸಿ, ಯಾವುದನ್ನು ಯಾವುದಕ್ಕೆ ಹಾಕಿದರೂ ಒಂದೇ. ಹಾಕುವ ಕ್ರಮ ಬಿಸಿಯನ್ನು ಕಡಿಮೆ ಮಾಡುವುದಿಲ್ಲ. ಆ ಬಿಸಿಯನ್ನು ಆ ಕ್ಷಣದಲ್ಲಿ ಯಾರು ಹೊರುತ್ತಾರೆ ಅನ್ನುವುದನ್ನು ಮಾತ್ರ ಬದಲಿಸುತ್ತದೆ.

ಒಂದು ಮಿಲಿ ನೀರನ್ನು 98ರ ಆಸಿಡ್ ಮೇಲೆ ಬಿಟ್ಟೆವು ಅಂದುಕೊಳ್ಳಿ. ಅದು ಪೂರ್ತಿ ಸೇರಿದರೆ ಸುಮಾರು 2000 ಜೌಲ್ ಬಿಸಿ ಬರುತ್ತದೆ. ಅದೇ ಒಂದು ಮಿಲಿ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಏರಿಸಲು 314 ಜೌಲ್ ಸಾಕು. ಆಸಿಡ್ ಸಾಂದ್ರತೆ ಸುಮಾರು 1.84, ನೀರಿನದು 1. ಹಾಗಾಗಿ ನೀರು ಕೆಳಗಿಳಿಯದೆ ಮೇಲೇ ತೇಲುತ್ತದೆ. ಎರಡೂ ತಾಗುವ ತೆಳು ಪದರದಲ್ಲಿ ಬಿಸಿ ಹುಟ್ಟುತ್ತದೆ, ಹೊರಲು ಅಲ್ಲಿ ಇರುವುದು ಅದೇ ಚೂರು ನೀರು. ಅದು ತಟ್ಟನೆ ಆವಿಯಾಗಿ ಹಾರುತ್ತದೆ. ಹಾರುವಾಗ ಪಕ್ಕದ ಆಸಿಡ್ ಹನಿಗಳನ್ನೂ ಎಗರಿಸುತ್ತದೆ. ಕಾದ ಎಣ್ಣೆಗೆ ಒದ್ದೆ ಸೌಟು ತಾಗಿದ ಹಾಗೆ, ಆದರೆ ಇಲ್ಲಿ ಎಗರುವುದು ಎಣ್ಣೆಯಲ್ಲ.

ತಿರುಗಿಸಿ ನೋಡಿ. ಒಂದು ಲೀಟರ್ ನೀರಿಗೆ ಒಂದು ಮಿಲಿ ಆಸಿಡ್ ಬಿಟ್ಟರೆ ಇಡೀ ನೀರಿನ ಬಿಸಿ ಏರುವುದು ಒಂದು ಡಿಗ್ರಿಯ ಮೂರನೇ ಒಂದು ಭಾಗದಷ್ಟು. ಭಾರದ ಆಸಿಡ್ ಕೆಳಗಿಳಿಯುತ್ತಾ ದಾರಿಯುದ್ದಕ್ಕೂ ನೀರಿಗೆ ಸೇರುತ್ತದೆ. ಅದರ ಸುತ್ತ ಬಿಸಿ ಹೀರಲು ಬೇಕಾದಷ್ಟು ನೀರಿದೆ. ಅಕಸ್ಮಾತ್ ಒಂದು ಹನಿ ಚಿಮ್ಮಿದರೂ ಅದು ತೆಳು ದ್ರಾವಣದ ಹನಿ.

ಆದರೆ ನಮ್ಮ ಕೆಲಸದಲ್ಲಿ ನೀರು ಒಂದು ಲೀಟರ್ ಇರುವುದಿಲ್ಲ, ಬರೀ 140 ಮಿಲಿ. ಇಲ್ಲೇ ಎಚ್ಚರ ತಪ್ಪುವುದು. "ನೀರಿಗೇ ತಾನೇ ಆಸಿಡ್ ಹಾಕ್ತಿರೋದು" ಅಂತ ಸರಸರ ಸುರಿದರೆ, ಮೊದಲ 160 ಮಿಲಿ ಹೊತ್ತಿಗೆ ಸುಮಾರು 1.2 ಲಕ್ಷ ಜೌಲ್ ಬಿಸಿ ಬಂದಿರುತ್ತದೆ. ತಣಿಸದೆ ಇದ್ದರೆ ಮಿಶ್ರಣ 150 ಡಿಗ್ರಿ ಹತ್ತಿರ ಹೋಗುತ್ತದೆ. ಆ ಹಂತದ ಮಿಶ್ರಣ ಕುದಿಯುವುದೂ ಹೆಚ್ಚುಕಡಿಮೆ ಅಲ್ಲೇ. ಕ್ರಮ ಸರಿಯಿದ್ದೂ ಕುದಿಸಿಬಿಡಬಹುದು. ಈ ಮೊದಲ ಭಾಗ ದಾಟಿದ ಮೇಲೆ ನೀರೆಲ್ಲ ಆಗಲೇ ಆಸಿಡ್‌ಗೆ ಅಂಟಿಕೊಂಡಿರುತ್ತದೆ. ಆಮೇಲೆ ಸುರಿಯುವ ಪ್ರತಿ ಮಿಲಿಗೆ ಬರುವ ಬಿಸಿ ಕಡಿಮೆಯಾಗುತ್ತಾ ಹೋಗುತ್ತದೆ.

ಅದಕ್ಕೆ ನಾನು 2 ಲೀಟರಿನ ಬೊರೊಸಿಲಿಕೇಟ್ ಬೀಕರಿನಲ್ಲಿ ನೀರು ಹಾಕಿ, ಐಸ್ ನೀರಿನ ಟಬ್ಬಿನಲ್ಲಿ ಇಡುತ್ತೇನೆ. ಕನ್ನಡಕ, ರಬ್ಬರ್ ಗ್ಲೌಸ್, ಏಪ್ರನ್ ಇಲ್ಲದೆ ಬಾಟಲಿಯ ಮುಚ್ಚಳ ತೆಗೆಯುವುದಿಲ್ಲ. ಆಸಿಡ್ ಅನ್ನು ಗಾಜಿನ ಕಡ್ಡಿಯ ಮೇಲಿಂದ 20 ಮಿಲಿಯಂತೆ ಇಳಿಸಿ, ಕಲಕಿ, ಥರ್ಮಾಮೀಟರ್ ನೋಡುತ್ತೇನೆ. 50 ಡಿಗ್ರಿ ಮುಟ್ಟಿದರೆ ಕಾಯುತ್ತೇನೆ. ಕಲಕುವುದನ್ನು ಬಿಟ್ಟರೆ ಭಾರದ ಆಸಿಡ್ ಸುಮ್ನೆ ತಳದಲ್ಲಿ ಪದರವಾಗಿ ಕೂರುತ್ತದೆ. ಆಮೇಲೆ ಒಮ್ಮೆಲೇ ಕಲಕಿದಿರೋ, ಕೂಡಿಟ್ಟ ಬಿಸಿಯೆಲ್ಲ ಒಟ್ಟಿಗೆ ಹೊರಬರುತ್ತದೆ.

ಈಗ ಹುಡುಗಿಯ ಪ್ರಶ್ನೆ. ಬ್ಯುಟಿರೋಮೀಟರಿನಲ್ಲಿ ಇರುವುದು ಈಗಾಗಲೇ ನೀರು ಕುಡಿದ ಆಸಿಡ್. 98ರ ಆಸಿಡ್‌ಗೆ ಒಂದು ಗ್ರಾಂ ನೀರು ಸೇರಿದರೆ 2000 ಜೌಲ್ ಬಂದರೆ, 91ರದ್ದಕ್ಕೆ ಸೇರಿದಾಗ ಸುಮಾರು 1400 ಬರುತ್ತದೆ. ಬಿಸಿ ಅಷ್ಟು ಇಳಿದರೆ ಸಾಲದು, ಇನ್ನೂ ಎಚ್ಚರ ಬೇಕು. ಅದಕ್ಕೇ 10.75 ಮಿಲಿ ಹಾಲನ್ನು ಪಿಪೆಟ್ಟಿನ ತುದಿ ಗಾಜಿಗೆ ತಾಗಿಸಿ, ಗೋಡೆಯ ಮೇಲಿಂದ ಮೆಲ್ಲಗೆ ಇಳಿಸುತ್ತೇವೆ. ಹಾಲು ಹಗುರ, ಮೇಲೇ ನಿಲ್ಲುತ್ತದೆ. ಎರಡೂ ತಾಗುವಲ್ಲಿ ಕಂದು ಉಂಗುರ ಮಾತ್ರ ಕಾಣುತ್ತದೆ. ಇಲ್ಲಿ ನಾವು ಬೆರೆಸುತ್ತಿಲ್ಲ, ಪದರ ಕಟ್ಟುತ್ತಿದ್ದೇವೆ. ಒಂದು ಮಿಲಿ ಅಮೈಲ್ ಆಲ್ಕೊಹಾಲ್ ಹಾಕಿ, ಸ್ಟಾಪರ್ ಬಿಗಿದು, ಬಟ್ಟೆ ಸುತ್ತಿದ ಮೇಲೆಯೇ ಅಲುಗಿಸುವುದು. ಆಗ ಬಿಸಿ ಇಡೀ ದ್ರಾವಣಕ್ಕೆ ಹರಡುತ್ತದೆ. ಬರಿಗೈಲಿ ಹಿಡಿಯಲು ಆಗದಷ್ಟು ಕಾಯುತ್ತದೆ ನಿಜ, ಆದರೆ ಪ್ರೋಟೀನ್ ಕರಗಲು ಆ ಬಿಸಿ ನಮಗೆ ಬೇಕೇ ಬೇಕು.

ನಾನು ಇದನ್ನು ಕಲಿತದ್ದು ನೋವಿನಿಂದ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ, ತಯಾರಾದ ಆಸಿಡ್ 1.816 ತೋರಿಸಿತು. ಸ್ವಲ್ಪ ಜಾಸ್ತಿ ಗಟ್ಟಿ. ಇನ್ನು ಹತ್ತಿರ ಹತ್ತಿರ ಆಗಿದೆಯಲ್ಲ ಅಂದುಕೊಂಡು ಒಂದಿಷ್ಟು ನೀರನ್ನು ನೇರ ಬೀಕರಿಗೇ ಬಿಟ್ಟೆ. ಚರ್ ಅಂತ ಸದ್ದು ಬಂತು, ಮೊಣಕೈ ಕೆಳಗೆ ಎರಡು ಹನಿ ಬಿದ್ದವು. ನಲ್ಲಿ ಕೆಳಗೆ ತುಂಬಾ ಹೊತ್ತು ಕೈ ಹಿಡಿದಿದ್ದರಿಂದ ಉಳಿದುಕೊಂಡೆ. ಗುರುತು ಈಗಲೂ ಇದೆ. ಕನ್ನಡಕ ಹಾಕಿದ್ದೆ, ಅದೊಂದು ಪುಣ್ಯ.

ಮೊನ್ನೆ ಆ ಹುಡುಗಿ ಮೊದಲ ಬಾರಿ ತಾನೇ ಆಸಿಡ್ ತಯಾರಿಸಿದಳು. ಪೂರ್ತಿ ತಣ್ಣಗಾಗಿ 27 ಡಿಗ್ರಿಗೆ ಬಂದ ಮೇಲೆ ಹೈಡ್ರೋಮೀಟರ್ ಬಿಟ್ಟಳು. ಬಿಸಿಯಿದ್ದಾಗ ನೋಡಿದರೆ ಸಾಂದ್ರತೆ ಕಡಿಮೆ ತೋರಿಸುತ್ತದೆ, ಆಸಿಡ್ ಗಟ್ಟಿಯಿದ್ದರೂ ಸರಿಯಾಗಿದೆ ಅನ್ನಿಸುತ್ತದೆ. ಅವಳಿಗೂ 1.816 ಬಂತು. ನಾನು ಏನೂ ಹೇಳಲಿಲ್ಲ. ಅವಳು ಲೆಕ್ಕ ಹಾಕಿ, ಬೇರೆ ಬೀಕರಿನಲ್ಲಿ 30 ಮಿಲಿ ನೀರು ತೆಗೆದುಕೊಂಡಳು. ಅದನ್ನು ಐಸ್ ಟಬ್ಬಿನಲ್ಲಿಟ್ಟು, ತಯಾರಾಗಿದ್ದ ಆಸಿಡ್ ಅನ್ನು ಕಡ್ಡಿಯ ಮೇಲಿಂದ ಸ್ವಲ್ಪ ಸ್ವಲ್ಪವೇ ಅದಕ್ಕೆ ಇಳಿಸತೊಡಗಿದಳು.