ಎರಡೂ ಕಡೆ ಇದ್ದದ್ದು ಲಿಸ್ಟ್‌ನಲ್ಲಿ ಕಾಣೋದಿಲ್ಲ

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಎಚ್‌ಆರ್ ಕೆಲಸ ನನ್ನದು. ರಾಜೀನಾಮೆ ಕೊಡಬೇಕೋ ಬೇಡವೋ ಎಂದು ತೂಗುತ್ತಿರುವವರು ನನ್ನ ಹತ್ತಿರ ಬರುವಾಗ ಒಂದು ಲಿಸ್ಟ್ ಹಿಡಿದುಕೊಂಡೇ ಬರುತ್ತಾರೆ. ನಡುವೆ ಗೆರೆ, ಆ ಕಡೆ ಲಾಭ, ಈ ಕಡೆ ನಷ್ಟ. (ಅವರು ಉಳಿದರೆ ನನಗೇ ಅನುಕೂಲ, ಹಾಗಾಗಿ ನನ್ನ ಮಾತನ್ನು ಸ್ವಲ್ಪ ಸೋಸಿಯೇ ಕೇಳಿ.)

ಈ ಪದ್ಧತಿ ಹೆಸರಾದದ್ದೂ ಒಂದು ನೌಕರಿಯ ಗೊಂದಲದಿಂದಲೇ. ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿಗೆ ಶೆಲ್ಬರ್ನ್ ಪ್ರಭುವಿನ ಮನೆಯಲ್ಲಿ ಗ್ರಂಥಪಾಲಕನಾಗಿ ಬರಲು ಕರೆ ಬಂದಿತ್ತು. ಹೋಗಲೋ ಬೇಡವೋ ಎಂದು ಕೇಳಿದಾಗ ಬೆಂಜಮಿನ್ ಫ್ರಾಂಕ್ಲಿನ್ 1772ರ ಸೆಪ್ಟೆಂಬರ್‌ನಲ್ಲಿ ಉತ್ತರ ಬರೆದ: ಹಾಳೆಯನ್ನು ಎರಡು ಭಾಗ ಮಾಡು, ಮೂರ್ನಾಲ್ಕು ದಿನ ಹೊಳೆದದ್ದನ್ನೆಲ್ಲ ಬರೆ, ಸಮತೂಕದವನ್ನು ಎರಡೂ ಕಡೆಯಿಂದ ಹೊಡೆದುಹಾಕು, ಉಳಿದದ್ದನ್ನು ನೋಡು. ಏನು ನಿರ್ಧರಿಸಬೇಕೆಂದು ಹೇಳಲು ತನಗೆ ಸಾಕಷ್ಟು ವಿಷಯ ತಿಳಿದಿಲ್ಲ ಎಂದೂ ಸೇರಿಸಿದ್ದ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಪ್ರೀಸ್ಟ್ಲಿಯೇ ತರಬೇಕಿತ್ತು. ನಮ್ಮವರ ಲಿಸ್ಟ್‌ಗಳಲ್ಲಿ ಆ ತೂಕವೇ ಇರುವುದಿಲ್ಲ, ಸಾಲುಗಳ ಎಣಿಕೆ ಮಾತ್ರ ಇರುತ್ತದೆ.

ನಮ್ಮ ಟೆಸ್ಟಿಂಗ್ ಟೀಮಿನ ಒಬ್ಬಾಕೆಯ ಲಿಸ್ಟ್ ಹೇಳುತ್ತೇನೆ. ಮನೆ ಬನಶಂಕರಿಯಲ್ಲಿ, ಎರಡನೇ ಕ್ಲಾಸಿನ ಮಗಳು. ವೈಟ್‌ಫೀಲ್ಡ್‌ನಿಂದ ಆಫರ್ ಬಂದಿತ್ತು, ಕೈಗೆ ತಿಂಗಳಿಗೆ 20 ಸಾವಿರ ಹೆಚ್ಚು. ಹೋಗುವುದರ ನಷ್ಟದಲ್ಲಿ ಬರೆದದ್ದು: ದೂರ, ಮೆಜೆಸ್ಟಿಕ್‌ನಲ್ಲಿ ಮೆಟ್ರೊ ಬದಲಿಸಬೇಕು, ಬೆಳಿಗ್ಗೆ ಬೇಗ ಹೊರಡಬೇಕು, ಮಳೆ ಬಂದರೆ ಆಟೊ ಸಿಗಲ್ಲ. ಇವು ನಾಲ್ಕು ಸಾಲು, ವಿಷಯ ಒಂದೇ. ಆಮೇಲೆ ಗ್ರಾಚ್ಯುಟಿ. ಐದು ವರ್ಷ ತುಂಬಲು ಇನ್ನೂ ಕೆಲವು ತಿಂಗಳಿತ್ತು, ಅದನ್ನು ದಪ್ಪಕ್ಷರದಲ್ಲಿ ಬರೆದಿದ್ದಳು. ಮೂಲ ವೇತನ 40 ಸಾವಿರ. ಅದನ್ನು 26ರಿಂದ ಭಾಗಿಸಿ, 15 ದಿನದ್ದನ್ನು ಐದು ವರ್ಷಕ್ಕೆ ಗುಣಿಸಿದರೆ ಸುಮಾರು 1 ಲಕ್ಷ 15 ಸಾವಿರ. ಹೊಸ ಸಂಬಳದ ಹೆಚ್ಚಳದಲ್ಲಿ ಆರು ತಿಂಗಳಿಗೆ ತೀರುವ ಮೊತ್ತ. ಎದುರಿಗೆ ಸಂಬಳ, ಹುದ್ದೆಯ ಹೆಸರು, ಹೊಸ ಲ್ಯಾಪ್‌ಟಾಪ್. ಎಣಿಸಿದರೆ ಹೆಚ್ಚುಕಮ್ಮಿ ಸರಿಸಮ.

ಹಾಳೆಯನ್ನು ಮಗುಚಿ ಇಡಲು ಹೇಳಿದೆ. ನಿಮಗೆ ಯಾವುದು ಇಲ್ಲದಿದ್ದರೆ ಕೆಲಸವೇ ಬೇಡ ಅನಿಸುತ್ತದೆ, ಅಂಥ ಮೂರನ್ನು ಬರೆಯಿರಿ ಎಂದೆ. ಇಲ್ಲಿ ಎಲ್ಲರೂ ಕೇಳೋಕೆ ಚೆನ್ನಾಗಿರುವುದನ್ನೇ ಬರೆಯುತ್ತಾರೆ: ಬೆಳವಣಿಗೆ, ನೆಮ್ಮದಿ. ಅದಕ್ಕೇ ಪ್ರತಿಯೊಂದಕ್ಕೂ ಕಳೆದೆರಡು ತಿಂಗಳೊಳಗಿನ ಒಂದು ಸಾಕ್ಷಿ ಕೇಳುತ್ತೇನೆ. ಅದಕ್ಕಾಗಿ ಏನು ಬಿಟ್ಟಿರಿ, ಯಾವಾಗ ಜಗಳ ಆಡಿದಿರಿ, ದುಡ್ಡು ಎಲ್ಲಿ ಹೋಯಿತು? ಈಕೆ ಮೊದಲು ಬರೆದದ್ದು "ಆಟೊಮೇಷನ್ ಕಲಿಯಬೇಕು". ಕೋರ್ಸ್‌ಗೆ ದುಡ್ಡು ಕಟ್ಟಿದ್ದಳು, ತೆರೆದೇ ಇರಲಿಲ್ಲ. ಹೊಡೆದುಹಾಕಿದಳು. ಮನೆ ಸಾಲ ಬೇಗ ತೀರಿಸುವುದು ಉಳಿಯಿತು, ಬೋನಸ್ಸೆಲ್ಲ ಅಲ್ಲಿಗೇ ಹೋಗಿತ್ತು. ಇನ್ನೊಂದು, ಸಂಜೆ ಮಗಳ ಜೊತೆ ಕೂರುವುದು. ಸಾಕ್ಷಿ? "ಸರ್, ಮ್ಯಾನೇಜರ್ ಹತ್ರ ಮೂರು ಸಲ ಜಗಳ ಆಗಿದ್ದು ಸಂಜೆ ಕಾಲ್ ವಿಷಯಕ್ಕೇನೆ."

ಆ ಕಾಲ್ ಮೊದಲ ಲಿಸ್ಟ್‌ನಲ್ಲಿ ಇರಲೇ ಇಲ್ಲ. ಯಾಕೆ ಅಂದೆ. "ಎರಡೂ ಕಡೆ ಇದ್ದದ್ದೇ ಅಲ್ವಾ ಸರ್, ಬರೆದು ಏನು ಪ್ರಯೋಜನ?"

ಲಿಸ್ಟ್ ದಾರಿ ತಪ್ಪಿಸುವುದು ಇಲ್ಲೇ. ಅದು ವ್ಯತ್ಯಾಸವನ್ನಷ್ಟೇ ಹಿಡಿಯುತ್ತದೆ. ಎರಡು ಕೆಲಸವೂ ಒಂದೇ ರೀತಿ ಕೈಕೊಡುವ ಜಾಗ ತಾನಾಗಿ ಬಿದ್ದುಹೋಗುತ್ತದೆ, ಅದು ನಿಮಗೆ ಎಲ್ಲಕ್ಕಿಂತ ಮುಖ್ಯವಾಗಿದ್ದರೂ ಸರಿ. ಇಲ್ಲಿ ನ್ಯೂಯಾರ್ಕ್ ಕ್ಲೈಂಟ್. ಅವರ ಬೆಳಗಿನ ಒಂಬತ್ತೆಂದರೆ ನಮಗೆ ಸಂಜೆ ಆರೂವರೆ, ನವೆಂಬರ್‌ನಲ್ಲಿ ಅವರ ಗಡಿಯಾರ ಹಿಂದಕ್ಕೆ ಹೋದಮೇಲೆ ಏಳೂವರೆ. ವೈಟ್‌ಫೀಲ್ಡ್‌ನವರನ್ನು ಫೋನ್ ಮಾಡಿ ಕೇಳಿ ಎಂದೆ. ಅವರದು ಕ್ಯಾಲಿಫೋರ್ನಿಯಾ, ಇನ್ನೂ ಮೂರು ಗಂಟೆ ತಡ. ಅಂದರೆ "ಎರಡೂ ಕಡೆ ಇದ್ದದ್ದು" ಕೂಡ ಸಮವಾಗಿರಲಿಲ್ಲ.

ಆಗ ಪ್ರಶ್ನೆ ಉಳಿಯಬೇಕೋ ಹೋಗಬೇಕೋ ಎಂಬುದರಿಂದ ಸಂಜೆ ಖಾಲಿ ಇರುವ ಕೆಲಸ ಎಲ್ಲಿದೆ ಎಂಬುದಕ್ಕೆ ತಿರುಗಿತು. ನಮ್ಮಲ್ಲೇ ಜರ್ಮನಿಯ ಒಂದು ಪ್ರಾಜೆಕ್ಟ್ ಇತ್ತು. ಅವರ ಒಂಬತ್ತು ನಮಗೆ ಮಧ್ಯಾಹ್ನ ಹನ್ನೆರಡೂವರೆ, ಚಳಿಗಾಲದಲ್ಲಿ ಒಂದೂವರೆ. ಅಲ್ಲಿಗೆ ಹೋಗಲು ಮ್ಯಾನೇಜರ್ ಒಪ್ಪದಿದ್ದರೆ ಬೇರೆ ಕಂಪನಿ ನೋಡುವುದು, ಆದರೆ ವೈಟ್‌ಫೀಲ್ಡ್ ಬೇಡ ಎಂದು ಆಕೆಯೇ ಹೇಳಿದಳು. ಒಪ್ಪಿದರು, ಒಂದು ತಿಂಗಳು ಸತಾಯಿಸಿ.

ಸಾಲದ ಕಂತೇ ಕತ್ತು ಹಿಸುಕುತ್ತಿದ್ದರೆ ಆ 20 ಸಾವಿರವೇ ಗೆಲ್ಲುತ್ತಿತ್ತು, ಗೆಲ್ಲಬೇಕಾದದ್ದೂ ಸರಿಯೇ. ಆಕೆಗೆ ಕಂತು ಕಷ್ಟವಿರಲಿಲ್ಲ, ಬೇಗ ತೀರಿಸುವ ಆಸೆಯಿತ್ತು. ಏಪ್ರಿಲ್ ಅಪ್ರೈಸಲ್‌ನಲ್ಲಿ ಆಕೆಗೆ ಸಿಕ್ಕ ಹೆಚ್ಚಳ ಆ ಆಫರ್‌ನ ಮೂರನೇ ಒಂದು ಭಾಗದಷ್ಟು. ಸಾಲ ತೀರುವುದು ಅಷ್ಟರಮಟ್ಟಿಗೆ ತಡವಾಗುತ್ತದೆ, ಅದು ಗೊತ್ತಿದ್ದೇ ಲೆಟರ್‌ಗೆ ಸಹಿ ಹಾಕಿದಳು.