ಒಂದು ತಿಂಗಳ ಮಾತ್ರೆ ಅಂದರೆ ಎಷ್ಟು ದಿನ?

ನಾನು ಡಿ.ಫಾರ್ಮಾ ಮುಗಿಸಿ ಹಾಸನ ಜಿಲ್ಲೆಯ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಿಂತು ಆರು ವರ್ಷವಾಯಿತು. ಮಾತ್ರೆ ಕವರಿಗೆ ಹಾಕಿ, ಅದರ ಮೇಲೆ 'ಮತ್ತೆ ಬರಬೇಕಾದ ದಿನ' ಅಂತ ಬರೆದುಕೊಡುವುದು ನನ್ನ ಕೆಲಸದಲ್ಲಿ ತೀರಾ ಸಣ್ಣದು. ಅದನ್ನು ನಾನು ಬಹಳ ದಿನ ತಪ್ಪಾಗಿ ಮಾಡುತ್ತಿದ್ದೆ. ಗೊತ್ತಾಗಿದ್ದು 2025ರ ಏಪ್ರಿಲ್‌ನಲ್ಲಿ, ಒಬ್ಬ ಅಜ್ಜಿಯಿಂದ.

ಅಜ್ಜಿಯ ಚೀಟಿಯಲ್ಲಿ ಮೂರು ಮಾತ್ರೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಎಸ್‌ಆರ್ 500, 1-0-1. ಬಿಪಿಗೆ ಟೆಲ್ಮಿಸಾರ್ಟನ್ 40, 1-0-0. ಕೊಲೆಸ್ಟರಾಲ್‌ಗೆ ಅಟೋರ್ವಾಸ್ಟಾಟಿನ್ 10, 0-0-1. ಮಾರ್ಚ್ 4ರ ಸಂಜೆ ಬಂದು, "ಒಂದು ತಿಂಗಳಿಗೆ ಆಗೋಷ್ಟು ಕೊಡು ಮಗಾ" ಅಂದರು. ಮನೆಯಲ್ಲಿ ಹಳೇದು ಒಂದೂ ಉಳಿದಿರಲಿಲ್ಲ. 15ರ ಸ್ಟ್ರಿಪ್‌ನಲ್ಲಿ ಮೆಟ್‌ಫಾರ್ಮಿನ್ ನಾಲ್ಕು, ಟೆಲ್ಮಿಸಾರ್ಟನ್ ಎರಡು, 10ರ ಸ್ಟ್ರಿಪ್‌ನಲ್ಲಿ ಅಟೋರ್ವಾಸ್ಟಾಟಿನ್ ಮೂರು ಕೊಟ್ಟೆ. ಕವರಿನ ಮೇಲೆ ಬರೆದೆ: ಏಪ್ರಿಲ್ 4.

ನನ್ನ ತಲೆಯಲ್ಲಿ ಇದ್ದಿದ್ದು ಇಷ್ಟೇ: 60 ಮಾತ್ರೆ, ದಿನಕ್ಕೆ 2, ಅಲ್ಲಿಗೆ 30 ದಿನ, ಅಂದರೆ ಒಂದು ತಿಂಗಳು, ಅಂದರೆ ಮುಂದಿನ 4ನೇ ತಾರೀಖು. ಆದರೆ ಮಾರ್ಚ್‌ಗೆ 31 ದಿನ. ಒಂದು ದಿನ ಅಲ್ಲೇ ಕೈಬಿಟ್ಟಿತ್ತು.

ಅಜ್ಜಿ ಹೇಳಿದ ದಿನವೇ ಬಂದರು, ಏಪ್ರಿಲ್ 4ರ ಸಂಜೆ. "ನಿನ್ನೆ ರಾತ್ರಿಗೇ ಇರಲಿಲ್ಲ ಕಣಮ್ಮಾ. ನೀನು ನಾಲ್ಕು ಅಂತ ಬರ್ಕೊಟ್ಟಿದ್ದೆ, ಅದಕ್ಕೇ ನಾಲ್ಕಕ್ಕೇ ಬಂದೆ" ಅಂದರು. ಎರಡು ಮಾತ್ರೆ ಅಂಗಡಿಯಲ್ಲಿದ್ದವು, ಕೊಟ್ಟೆ. ಮೆಟ್‌ಫಾರ್ಮಿನ್ ಎಸ್‌ಆರ್ ಖಾಲಿ. ಸಾದಾ ಮೆಟ್‌ಫಾರ್ಮಿನ್ ಇತ್ತು, ಆದರೆ ಎಸ್‌ಆರ್ ನಿಧಾನವಾಗಿ ಕರಗುವ ಮಾತ್ರೆ, ಡಾಕ್ಟರನ್ನು ಕೇಳದೆ ಅದರ ಜಾಗಕ್ಕೆ ಇದನ್ನು ಕೊಡುವ ಹಾಗಿಲ್ಲ. ಸ್ಟಾಕಿಸ್ಟ್ ಕಡೆಯಿಂದ ಬಂದಿದ್ದು ಮರುದಿನ ಸಂಜೆ. ಅಷ್ಟರಲ್ಲಿ ಮೂರರ ರಾತ್ರಿ, ನಾಲ್ಕರ ಬೆಳಿಗ್ಗೆ, ನಾಲ್ಕರ ರಾತ್ರಿ, ಐದರ ಬೆಳಿಗ್ಗೆ, ಹೀಗೆ ನಾಲ್ಕು ಡೋಸ್ ತಪ್ಪಿತ್ತು.

ಆ ರಾತ್ರಿ ಕ್ಯಾಲೆಂಡರ್ ಹಿಡಿದು ಕೂತೆ. ಮಾರ್ಚ್ 4ರ ಸಂಜೆ ಒಯ್ದಿದ್ದು, ಆದ್ದರಿಂದ ಆ ದಿನಕ್ಕೆ ರಾತ್ರಿಯದು ಒಂದೇ ಮೆಟ್‌ಫಾರ್ಮಿನ್. ಉಳಿದದ್ದು 59. ಐದರಿಂದ ದಿನಕ್ಕೆ ಎರಡರಂತೆ 29 ದಿನ ಪೂರ್ತಿ ಬರುತ್ತದೆ: ಮಾರ್ಚ್‌ನಲ್ಲಿ 27 ದಿನ, ಏಪ್ರಿಲ್‌ನಲ್ಲಿ 2. ಏಪ್ರಿಲ್ 3ರ ಬೆಳಿಗ್ಗೆಗೆ ಕೊನೆಯ ಒಂದು ಮಾತ್ರೆ, ರಾತ್ರಿಗೆ ಇಲ್ಲ. ಅಟೋರ್ವಾಸ್ಟಾಟಿನ್ ನಾಲ್ಕರ ರಾತ್ರಿಯೇ ಶುರುವಾದ್ದರಿಂದ ಏಪ್ರಿಲ್ 2ರ ರಾತ್ರಿಗೆ ಮುಗಿಯಿತು. ಟೆಲ್ಮಿಸಾರ್ಟನ್ ಬೆಳಗಿನದು, ಶುರುವಾಗಿದ್ದು ಐದಕ್ಕೆ, ಆದ್ದರಿಂದ ಏಪ್ರಿಲ್ 3ರವರೆಗೆ ಇತ್ತು. ಒಂದೇ ದಿನ, ಒಂದೇ ಕವರಿನಲ್ಲಿ ಹೋದ ಮೂರು ಮಾತ್ರೆ ಬೇರೆ ಬೇರೆ ಹೊತ್ತಿಗೆ ಖಾಲಿ.

ಈಗ ನಾನು ಮಾಡುವ ಲೆಕ್ಕ ಹೀಗೆ. ಕೈಯಲ್ಲಿರುವ ಒಟ್ಟು ಮಾತ್ರೆಯಿಂದ (ಮನೆಯಲ್ಲಿ ಉಳಿದದ್ದೂ ಸೇರಿ) ಇವತ್ತು ಇನ್ನೂ ತೆಗೆದುಕೊಳ್ಳಬೇಕಾದದ್ದನ್ನು ಮೊದಲು ಕಳೆಯುತ್ತೇನೆ. ಮಿಕ್ಕಿದ್ದನ್ನು ದಿನದ ಮಾತ್ರೆಯಿಂದ ಭಾಗಿಸಿ, ಶೇಷ ಬಿಟ್ಟು, ನಾಳೆಯ ತಾರೀಖಿಗೆ ಕೂಡುತ್ತೇನೆ. ಬರುವ ಉತ್ತರ ಮಾತ್ರೆ ಸಾಲದೆ ಬೀಳುವ ಮೊದಲ ದಿನ. ಅಂಗಡಿಯ ಕಂಪ್ಯೂಟರಿನಲ್ಲಿ ಒಂದು ಎಕ್ಸೆಲ್ ಹಾಳೆ ಇಟ್ಟಿದ್ದೇನೆ:

```
=B2+INT(C2/D2)
```

B2 ನಾಳೆಯ ತಾರೀಖು, C2 ಇವತ್ತಿನದು ಕಳೆದು ಉಳಿದ ಮಾತ್ರೆ, D2 ದಿನಕ್ಕೆ ಎಷ್ಟು. ಅಜ್ಜಿಯ ಮೆಟ್‌ಫಾರ್ಮಿನ್‌ಗೆ ಮಾರ್ಚ್ 5, 59, 2 ಹಾಕಿದರೆ ಏಪ್ರಿಲ್ 3 ಬರುತ್ತದೆ. ಅರ್ಧ ಮಾತ್ರೆಯವರಿಗೆ D2ನಲ್ಲಿ 0.5 ಹಾಕಿದರೆ ಸಾಕು, ಆದರೆ ಮುರಿಯುವಾಗ ಒಂದೆರಡು ಪುಡಿಯಾಗುತ್ತವೆ ಅನ್ನುವುದು ಎಕ್ಸೆಲ್‌ಗೆ ಗೊತ್ತಿರುವುದಿಲ್ಲ.

ಸಾಲದೆ ಬೀಳುವ ದಿನವನ್ನೇ ಕವರಿನ ಮೇಲೆ ಬರೆಯಬಾರದು. ಎಲ್ಲಕ್ಕಿಂತ ಮೊದಲು ಖಾಲಿಯಾಗುವ ಮಾತ್ರೆಯನ್ನು ಹಿಡಿದು, ನಾಲ್ಕು ದಿನ ಹಿಂದೆ ಹೋಗುತ್ತೇನೆ. ನಮ್ಮಲ್ಲಿ ಇಲ್ಲದ ಸರಕು ತರಿಸಲು ಒಂದೆರಡು ದಿನ ಬೇಕು, ಮಧ್ಯೆ ಭಾನುವಾರ ಬಂದರೆ ಇನ್ನೊಂದು. ಆಮೇಲೆ ಕ್ಯಾಲೆಂಡರ್ ನೋಡುತ್ತೇನೆ. ಅಜ್ಜಿಯದು ಏಪ್ರಿಲ್ 3ರಿಂದ ನಾಲ್ಕು ದಿನ ಹಿಂದೆ ಅಂದರೆ ಮಾರ್ಚ್ 30, ಭಾನುವಾರ, ಅವತ್ತೇ ಯುಗಾದಿ. ಮರುದಿನ ರಂಜಾನ್. ಹಾಗಾಗಿ ಬರೆಯಬೇಕಿದ್ದದ್ದು 28, ಶುಕ್ರವಾರ. ನಾನು ಬರೆದದ್ದಕ್ಕಿಂತ ಒಂದು ವಾರ ಮೊದಲು!

ಏಪ್ರಿಲ್ 5ರ ಸಂಜೆ ಅಜ್ಜಿಗೆ 60 ಮೆಟ್‌ಫಾರ್ಮಿನ್ ಕೊಟ್ಟಾಗ ಹೊಸ ಲೆಕ್ಕ ಹಾಕಿದೆ. ಸಾಲದೆ ಬೀಳುವುದು ಮೇ 5ಕ್ಕೆ. ನಾಲ್ಕು ದಿನ ಹಿಂದೆ ಮೇ 1, ಕಾರ್ಮಿಕರ ದಿನ. ಆದ್ದರಿಂದ ಏಪ್ರಿಲ್ 30 ಅಂತ ಬರೆದು, "ಬರುವಾಗ ಉಳಿದ ಮಾತ್ರೆ, ಸ್ಟ್ರಿಪ್ ಸಮೇತ ತನ್ನಿ ಅಜ್ಜಿ" ಅಂದೆ. ಬೇಡದ್ದನ್ನು ಮತ್ತೆ ಕೊಡಬಾರದು ಅನ್ನುವುದಷ್ಟೇ ನನ್ನ ಉದ್ದೇಶ.

30ರ ಸಂಜೆ ಅಜ್ಜಿ ಸ್ಟ್ರಿಪ್ ತಂದರು. ಐದರ ರಾತ್ರಿ ಒಂದು, ಆರರಿಂದ 29ರವರೆಗೆ 24 ದಿನಕ್ಕೆ 48, ಅವತ್ತು ಬೆಳಿಗ್ಗೆ ಒಂದು, ಒಟ್ಟು 50 ಹೋಗಿರಬೇಕು, 10 ಉಳಿದಿರಬೇಕು. ಎಣಿಸಿದರೆ 17. ಮತ್ತೊಮ್ಮೆ ಎಣಿಸಿದೆ, 17.

"ಅಜ್ಜಿ, ನಡುವೆ ಮಾತ್ರೆ ಬಿಟ್ಟಿದ್ರಾ?"

"ಎಲ್ಲಿ ಬಿಟ್ಟೆ? ರಾಮನವಮಿ ಆದಮೇಲೆ ಸೋಮವಾರ, ಶನಿವಾರ ಒಪ್ಪತ್ತು ಹಿಡಿದಿದ್ದೀನಿ. ಊಟ ಇಲ್ಲದ ರಾತ್ರಿ ಊಟದ ಮಾತ್ರೆ ಯಾಕೆ ಅಂತ ತಗೊಂಡಿಲ್ಲ."

ರಾಮನವಮಿ ಏಪ್ರಿಲ್ 6ಕ್ಕೆ. ಅಲ್ಲಿಂದ ಸೋಮವಾರ ನಾಲ್ಕು (7, 14, 21, 28), ಶನಿವಾರ ಮೂರು (12, 19, 26). ಸರಿಯಾಗಿ ಏಳು.

ತಾರೀಖಿನ ಲೆಕ್ಕ ಹಾಕದೆ ಇದ್ದಿದ್ದರೆ ಇದು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಂದಿನಿಂದ ಉಳಿಕೆ ಹೆಚ್ಚಿದ್ದರೆ ಯಾವ ಹೊತ್ತಿನದು ತಪ್ಪುತ್ತಿದೆ ಅಂತ ಕೇಳುತ್ತೇನೆ. ಕಡಿಮೆ ಇದ್ದರೆ ಭಯ ಇನ್ನೂ ಜಾಸ್ತಿ: ಒಂದೇ ಹೊತ್ತಿನದನ್ನು ಮರೆತು ಎರಡು ಸಲ ನುಂಗುತ್ತಿರಬಹುದು, ಇಲ್ಲವೇ ಮನೆಯಲ್ಲಿ ಇನ್ನೊಬ್ಬರು ಅದೇ ಸ್ಟ್ರಿಪ್‌ಗೆ ಕೈಹಾಕುತ್ತಿರಬಹುದು. ಮೆಥೋಟ್ರೆಕ್ಸೇಟ್‌ನಂಥ ಮಾತ್ರೆಯನ್ನು ಸಂಧಿವಾತಕ್ಕೆ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳಬೇಕು. ನಾಲ್ಕು ವಾರಕ್ಕೆ ಕೊಟ್ಟದ್ದು ಮುಗಿಯಿತು ಅಂತ ಒಂದೇ ವಾರದಲ್ಲಿ ಯಾರಾದರೂ ಬಂದರೆ ಮಾತ್ರೆ ಕೊಡುವ ಮಾತೇ ಇಲ್ಲ, ಅಲ್ಲಿಂದಲೇ ಡಾಕ್ಟರ ಹತ್ತಿರ ಕಳಿಸಬೇಕು. ದಿನಾ ನುಂಗಿದರೆ ಅದು ಪ್ರಾಣಕ್ಕೇ ಬರುವ ಔಷಧಿ.

ಅಜ್ಜಿಯ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ಒಪ್ಪತ್ತಿನ ರಾತ್ರಿಗಳಲ್ಲಿ ಆ ಒಂದು ಮಾತ್ರೆ ಬಿಡಲಿ, ಒಂದು ವಾರ ಬಿಟ್ಟು ಸಕ್ಕರೆ ಪರೀಕ್ಷೆ ಮಾಡಿಸಲಿ ಅಂದರು. ಅಲ್ಲಿಗೆ ನನ್ನ ಎಕ್ಸೆಲ್ ಹಾಳೆ ಅಜ್ಜಿಯ ಪಾಲಿಗೆ ಕೆಲಸಕ್ಕೆ ಬಾರದಾಯಿತು, ಏಕೆಂದರೆ ದಿನಕ್ಕೆ ಇಂತಿಷ್ಟು ಅಂತ ಒಂದೇ ಅಂಕಿ ಇಲ್ಲ. ವಾರದಿಂದ ಎಣಿಸಿದೆ: ಐದು ದಿನ ಎರಡು, ಎರಡು ದಿನ ಒಂದು, ವಾರಕ್ಕೆ 12. ಉಳಿದ 17ಕ್ಕೆ ಹೊಸ 60 ಸೇರಿಸಿ 77, ಆ ಬುಧವಾರ ರಾತ್ರಿಯದು ಕಳೆದು 76. ಆರು ವಾರಕ್ಕೆ 72 ಹೋದರೆ ಜೂನ್ 11. ಮಿಕ್ಕ ನಾಲ್ಕು ಗುರುವಾರ, ಶುಕ್ರವಾರಕ್ಕೆ. ಖಾಲಿಯಾಗುವುದು ಜೂನ್ 14ರ ಬೆಳಿಗ್ಗೆ.

ಬರಬೇಕಾದ ದಿನ ಜೂನ್ 10 ಅಂತ ಕವರಿನ ಮೇಲೆ ಬರೆಯಲು ಹೊರಟೆ. ಅಜ್ಜಿ ತಡೆದರು. "ಆಷಾಢಕ್ಕೆ ಒಪ್ಪತ್ತು ಬಿಡ್ತೀನೋ ಏನೋ, ಪೆನ್ಸಿಲ್‌ನಲ್ಲಿ ಬರಿ."