ಶುಕ್ರವಾರ ಹಾಕಿದ ಚೆಕ್ಕು, ಸೋಮವಾರದ ಕಂತು

ನಾನು ಬಾಗಲಕೋಟೆ ಜಿಲ್ಲೆಯ ಒಂದು ಬ್ಯಾಂಕ್ ಶಾಖೆಯಲ್ಲಿ, ಬೇರೆ ಬ್ಯಾಂಕಿನ ಚೆಕ್ಕುಗಳನ್ನು ಹಣಕ್ಕಾಗಿ ಕಳಿಸುವ ಕ್ಲಿಯರಿಂಗ್ ಕೌಂಟರ್ ನೋಡಿಕೊಳ್ಳುತ್ತೇನೆ. 2023ರ ಡಿಸೆಂಬರ್‌ನಲ್ಲಿ ನಡೆದ ಒಂದು ಪ್ರಸಂಗದ ನಂತರ ನಾನು ಗ್ರಾಹಕರ ಜೊತೆ ಮಾತಾಡುವ ರೀತಿಯೇ ಬದಲಾಯಿತು.

ಡಿಸೆಂಬರ್ 26, ಮಂಗಳವಾರ. ಬಾಗಿಲು ತೆಗೆದ ಕೂಡಲೇ ಬನಹಟ್ಟಿ ಕಡೆಯ ಒಬ್ಬ ಹಿರಿಯರು ಬಂದರು. ಮನೆಯಲ್ಲಿ ನಾಲ್ಕು ಪವರ್‌ಲೂಮ್ ಇಟ್ಟುಕೊಂಡು ಸೀರೆ ನೇಯಿಸುವವರು. ಕೈಯಲ್ಲಿ ನಾನೇ ಸೀಲ್ ಹೊಡೆದು ಕೊಟ್ಟ ಚಲನ್ನಿನ ಅರ್ಧ ಚೀಟಿ ಇತ್ತು.

"ಮೇಡಂ, ಶುಕ್ರವಾರ ಚೆಕ್ ಕೊಟ್ಟೀನ್ರಿ. ಎರಡು ದಿನದಾಗ ಆಗತೈತಿ ಅಂದಿದ್ರಿ. ನಾಕ್ ದಿನ ಆತು, ರೊಕ್ಕ ಬಂದಿಲ್ಲ. ಗಾಡಿ ಕಂತು ಮಾತ್ರ ಬೌನ್ಸ್ ಆಗೇತ್ರಿ."

ಖಾತೆ ತೆಗೆದು ನೋಡಿದೆ. ಬ್ಯಾಲೆನ್ಸ್ ಸುಮಾರು 6,000 ರೂಪಾಯಿ. ಸೋಮವಾರ, ಅಂದರೆ 25ನೇ ತಾರೀಖು, ಟೆಂಪೋ ಸಾಲದ 18,400 ರೂಪಾಯಿ ಕಂತು ಕಡಿತಕ್ಕೆ ಬಂದು ವಾಪಸ್ ಹೋಗಿತ್ತು. ಬೆಳಗಾವಿಯ ಸೀರೆ ಅಂಗಡಿಯವರು ಕೊಟ್ಟ 42,000 ರೂಪಾಯಿ ಚೆಕ್ಕು ಇನ್ನೂ ನಮ್ಮ ಟ್ರೇನಲ್ಲೇ ಇತ್ತು, ಸ್ಕ್ಯಾನ್ ಕೂಡ ಆಗಿರಲಿಲ್ಲ.

ನಾನು ಹೇಳಿದ್ದು "ಎರಡು ವರ್ಕಿಂಗ್ ಡೇ" ಅಂತ. ಅವರು ಕೇಳಿಸಿಕೊಂಡಿದ್ದು ಎರಡು ದಿನ. ಆದರೆ ಶುಕ್ರವಾರದ ಮುಂದೆ 23 ನಾಲ್ಕನೇ ಶನಿವಾರ, 24 ಭಾನುವಾರ, 25 ಕ್ರಿಸ್‌ಮಸ್. ಅವರು ಚೆಕ್ ಕೊಟ್ಟಾಗ ಸಂಜೆ ನಾಲ್ಕೂವರೆ. ಆ ದಿನದ ಕ್ಲಿಯರಿಂಗ್ ಆಗಲೇ ಕಳಿಸಿಯಾಗಿತ್ತು. ಹಾಗಾಗಿ ಚೆಕ್ ಹೊರಡುವುದು 26ಕ್ಕೆ, ಹಣ ಜಮಾ ಆಗುವುದು 27ಕ್ಕೆ. "ವರ್ಕಿಂಗ್ ಡೇ" ಅನ್ನುವ ಬದಲು "27ನೇ ತಾರೀಖು, ಬುಧವಾರ" ಅಂದಿದ್ದರೆ ಅವರು ಅವತ್ತೇ ಬೇರೆ ದಾರಿ ನೋಡಿಕೊಳ್ಳುತ್ತಿದ್ದರು. ಆ ಮಾತು ಈಗಲೂ ನನ್ನ ಮನಸ್ಸಿನಲ್ಲಿದೆ.

"ಬ್ಯಾಂಕ್ ಬಂದ್ ಇದ್ದಾಗ ಕಂತು ಹೆಂಗ್ ಕಡಿದ್ರೀ?" ಅಂತ ಅವರು ಕೇಳಿದರು. ಇದು ನ್ಯಾಯವಾದ ಪ್ರಶ್ನೆ, ಜನ ಎಡವುವುದೂ ಇಲ್ಲೇ. ಕಂತು, ಎಸ್‌ಐಪಿ, ವಿಮೆ ಪ್ರೀಮಿಯಂ ಎಲ್ಲ ಖಾತೆಯಿಂದ ತಾನಾಗಿ ಹೋಗುವುದು ನಾಚ್ ಅನ್ನುವ ವ್ಯವಸ್ಥೆಯಲ್ಲಿ. ಮೊದಲು ಅದೂ ಬ್ಯಾಂಕ್ ರಜೆ ಪಾಲಿಸುತ್ತಿತ್ತು. 25 ರಜೆ ಇದ್ದರೆ ಕಂತು 26ಕ್ಕೆ ಹೋಗುತ್ತಿತ್ತು. 2021ರ ಆಗಸ್ಟ್ 1ರಿಂದ ಅದು ವಾರದ ಏಳೂ ದಿನ ನಡೆಯುತ್ತದೆ. ಚೆಕ್ ಮಾತ್ರ ಬ್ಯಾಂಕ್ ತೆರೆದ ದಿನವೇ ಓಡುತ್ತದೆ. ಅಂದರೆ ಖಾತೆಯಿಂದ ಹೋಗುವ ಹಣಕ್ಕೆ ರಜೆ ಇಲ್ಲ, ಚೆಕ್ಕಿನಲ್ಲಿ ಬರುವ ಹಣಕ್ಕೆ ರಜೆ ಇದೆ.

ಇನ್ನು ಶನಿವಾರದ ಲೆಕ್ಕ. ಮೊದಲು ಎಲ್ಲಾ ಶನಿವಾರ ಅರ್ಧ ದಿನ ಬ್ಯಾಂಕ್ ಇರುತ್ತಿತ್ತು, ನೆನಪಿರಬಹುದು. 2015ರ ವೇತನ ಒಪ್ಪಂದದಲ್ಲಿ ಬ್ಯಾಂಕುಗಳ ಸಂಘ ಮತ್ತು ನೌಕರರ ಸಂಘಟನೆಗಳು ಒಂದು ಮಾತಿಗೆ ಬಂದವು: ಎರಡನೇ ಮತ್ತು ನಾಲ್ಕನೇ ಶನಿವಾರ ಪೂರ್ತಿ ರಜೆ, ಉಳಿದ ಶನಿವಾರ ಪೂರ್ತಿ ಕೆಲಸ. ಅದು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂತು. ಐದನೇ ಶನಿವಾರ ಬಂದರೆ ಅವತ್ತೂ ಬ್ಯಾಂಕ್ ಇರುತ್ತದೆ. ತುಂಬಾ ಜನ ಅವತ್ತು ರಜೆ ಅಂದುಕೊಂಡು ಬರುವುದೇ ಇಲ್ಲ.

ಇದರಲ್ಲಿ ಒಂದು ಸುಲಭದ ಗುಟ್ಟಿದೆ. ಎರಡನೇ ಶನಿವಾರ ಯಾವಾಗಲೂ 8ರಿಂದ 14ರ ಒಳಗೇ ಬೀಳುತ್ತದೆ, ನಾಲ್ಕನೆಯದು 22ರಿಂದ 28ರ ಒಳಗೆ. ಆದ್ದರಿಂದ 10 ಅಥವಾ 25ನೇ ತಾರೀಖು ಕಂತು ಇಟ್ಟುಕೊಂಡವರಿಗೆ ವರ್ಷದಲ್ಲಿ ಕೆಲವು ಸಲವಾದರೂ ಈ ರಜೆ ಅಡ್ಡ ಬರುತ್ತದೆ. ಚೆಕ್ಕಿನ ವ್ಯವಹಾರವೇ ಜಾಸ್ತಿ ಇರುವವರು ಹೊಸ ಸಾಲ ತೆಗೆಯುವಾಗ 5ನೇ ತಾರೀಖು ಕೇಳಿ ನೋಡುವುದು ಒಳ್ಳೆಯದು. ಸಾಲ ಕೊಡುವವರು ಒಪ್ಪಬೇಕು, ಅದು ಬೇರೆ ಮಾತು.

ಶನಿವಾರದ ಹಿಂದೆಮುಂದೆ ಹಬ್ಬ ಸೇರಿದಾಗ ಇನ್ನೂ ಎಚ್ಚರ ಬೇಕು. ಹಬ್ಬದ ರಜೆ ರಾಜ್ಯದಿಂದ ರಾಜ್ಯಕ್ಕೆ ಬೇರೆ. 2025ರ ನವೆಂಬರ್ 1 ಮೊದಲನೇ ಶನಿವಾರ. ರಾಜ್ಯೋತ್ಸವ ಇದ್ದಿದ್ದರಿಂದ ನಮ್ಮಲ್ಲಿ ಬ್ಯಾಂಕ್ ಬಂದ್, ಮಹಾರಾಷ್ಟ್ರದ ಇಚಲಕರಂಜಿಯಲ್ಲಿ ತೆರೆದಿತ್ತು. ನಮ್ಮ ಕಡೆಯವರು ಅಲ್ಲಿಯ ನೂಲಿನ ವ್ಯಾಪಾರಿಗಳ ಜೊತೆ ವ್ಯವಹಾರ ಮಾಡುವವರು. "ಇವತ್ತು ಬ್ಯಾಂಕ್ ಐತಿ" ಅಂತ ಅವರು ಫೋನಿನಲ್ಲಿ ಹೇಳಿದ್ದನ್ನು ನಂಬಿ ಇಲ್ಲಿ ಚೆಕ್ ಹಿಡಿದು ಬಂದರೆ ಬಾಗಿಲು ಹಾಕಿರುತ್ತದೆ. ರಿಸರ್ವ್ ಬ್ಯಾಂಕಿನ ವೆಬ್‌ಸೈಟಿನಲ್ಲಿ ರಜೆ ಪಟ್ಟಿ ನೋಡುವಾಗ ಬೆಂಗಳೂರು ಅನ್ನುವ ಹೆಸರಿನಡಿ ಇರುವುದನ್ನೇ ನೋಡಿ, ನಮಗೆ ಅನ್ವಯಿಸುವುದು ಅದೇ.

ಆ ಹಿರಿಯರ ವಿಷಯಕ್ಕೆ ಬರುತ್ತೇನೆ. ಅವರು ಶುಕ್ರವಾರ ಬೆಳಿಗ್ಗೆ ಬಂದಿದ್ದರೂ ಆಗ ಕೆಲಸ ಆಗುತ್ತಿರಲಿಲ್ಲ. ಆ ಕಾಲದ ಪದ್ಧತಿಯಲ್ಲಿ ಇವತ್ತು ಕಳಿಸಿದ ಚೆಕ್ ಮುಂದಿನ ಕೆಲಸದ ದಿನ ಪಾಸಾಗುತ್ತಿತ್ತು. ಶುಕ್ರವಾರದ ಮುಂದಿನ ಕೆಲಸದ ದಿನ ಮಂಗಳವಾರವೇ. 25ರ ಕಂತಿಗೆ ಹಣ ಬೇಕಿದ್ದರೆ ಗುರುವಾರ, 21ಕ್ಕೇ ಚೆಕ್ ನಮ್ಮ ಕೈಗೆ ಬರಬೇಕಿತ್ತು. ಕೌಂಟರಿನಲ್ಲೇ ಕ್ಯಾಲೆಂಡರ್ ಇಟ್ಟು ಅವರಿಗೆ ಇದನ್ನು ತೋರಿಸಿದೆ.

2025ರ ಅಕ್ಟೋಬರ್ 4ರಿಂದ ಪದ್ಧತಿ ಬದಲಾಗಿದೆ. ಈಗ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಚೆಕ್ ಸ್ಕ್ಯಾನ್ ಆದ ಹಾಗೇ ಅದರ ಚಿತ್ರ ಹೊರಡುತ್ತದೆ, ಹಣ ಕೊಡುವ ಬ್ಯಾಂಕ್ ಅವತ್ತೇ ಸಂಜೆ 7ರೊಳಗೆ ಹೌದು ಅಥವಾ ಇಲ್ಲ ಅನ್ನಬೇಕು. ಹಾಗಾಗಿ ಈಗ ಶುಕ್ರವಾರ ಬೆಳಿಗ್ಗೆ ಕೊಟ್ಟ ಚೆಕ್ ಶುಕ್ರವಾರವೇ ಪಾಸಾಗಬಹುದು. ಆದರೆ 3 ಗಂಟೆ ಅನ್ನುವುದು ಸ್ಕ್ಯಾನ್ ಆಗಿ ಹೊರಡುವ ಸಮಯ, ನೀವು ಬಾಗಿಲಿಗೆ ಬರುವ ಸಮಯವಲ್ಲ. ಶಾಖೆಯ ಗಡುವು ಅದಕ್ಕಿಂತ ಮುಂಚೆಯೇ ಇರುತ್ತದೆ, ಡ್ರಾಪ್ ಬಾಕ್ಸ್ ಮೇಲೆ ಬರೆದಿರುತ್ತದೆ. ರಜೆಯ ಹಿಂದಿನ ದಿನ ಬಾಕ್ಸಿಗೆ ಹಾಕಬೇಡಿ. ಕೌಂಟರಿಗೆ ಕೊಟ್ಟು "ಇವತ್ತಿಗೆ ಹೋಗುತ್ತಾ?" ಅಂತ ಕೇಳಿ. ಚೆಕ್ಕಿನ ಮೇಲಿನ ತಾರೀಖೂ ನೋಡಿಕೊಳ್ಳಿ. ಅಂಗಡಿಯವರು 23, ನಾಲ್ಕನೇ ಶನಿವಾರ ಅಂತ ಬರೆದಿದ್ದರೆ ಗುರುವಾರ ತಂದರೂ ನಾವು ಕಳಿಸುವ ಹಾಗಿಲ್ಲ, ಅದು ರಜೆ ಮುಗಿದ ಮೇಲೆಯೇ ಹೊರಡುವುದು.

ಕಂತಿಗೆ ಹಣ ಕಡಿಮೆ ಬೀಳುತ್ತದೆ ಅಂತ ರಜೆಯ ನಡುವೆ ಗೊತ್ತಾದರೆ ಕೈಕಟ್ಟಿ ಕೂರಬೇಕಿಲ್ಲ. ಖಾತೆಯಿಂದ ಖಾತೆಗೆ ಹಣ ಕಳಿಸುವ ನೆಫ್ಟ್ 2019ರ ಡಿಸೆಂಬರ್‌ನಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ಹಗಲು ರಾತ್ರಿ ನಡೆಯುತ್ತಿವೆ. ನಗದು ಇದ್ದರೆ ಎಟಿಎಂ ಪಕ್ಕದ ಡಿಪಾಸಿಟ್ ಮೆಷಿನ್‌ಗೆ ಹಾಕಬಹುದು. ಆದರೆ ಹಿಂದಿನ ದಿನ ರಾತ್ರಿಯೇ ಹಾಕಿ, ಕಂತು ಬೆಳಿಗ್ಗೆ ಬೇಗನೇ ಬರಬಹುದು. ಆ ಹಿರಿಯರ ಮಗನ ಖಾತೆಯಲ್ಲಿ ಹಣ ಇತ್ತು. 24ರ ರಾತ್ರಿ ಫೋನಿನಿಂದ 13,000 ಕಳಿಸಿದ್ದರೆ ಸಾಕಿತ್ತು. ಅದು ತಪ್ಪಿದ್ದಕ್ಕೆ ಬ್ಯಾಂಕಿನ ರಿಟರ್ನ್ ಚಾರ್ಜು, ಸಾಲ ಕೊಟ್ಟವರ ಬೌನ್ಸ್ ಚಾರ್ಜು, ಎರಡೂ ಬಿದ್ದವು. ಕಂತನ್ನು ಅವತ್ತೇ ಕಟ್ಟುವ ಮೊದಲು, ಸಾಲದ ಕಚೇರಿಗೆ ಫೋನ್ ಮಾಡಿ "ಮತ್ತೆ ಕಡಿತಕ್ಕೆ ಕಳಿಸಬೇಡಿ" ಅಂತ ಹೇಳಿಸಿದೆ. ಇಲ್ಲದಿದ್ದರೆ 27ಕ್ಕೆ ಚೆಕ್ ಜಮಾ ಆದ ಮೇಲೆ ಎರಡನೇ ಸಲ ಕಡಿತ ಆಗುವ ಸಾಧ್ಯತೆ ಇತ್ತು.

ಅಂದಿನಿಂದ ನಾನು ಚಲನ್ನಿನ ಅರ್ಧ ಚೀಟಿಯ ಹಿಂದೆ ತಾರೀಖು, ವಾರ ಎರಡನ್ನೂ ಬರೆದುಕೊಡುತ್ತೇನೆ. 2026ರ ಡಿಸೆಂಬರ್ ಪುಟದಲ್ಲೂ ಗುರುತು ಹಾಕಿದ್ದೇನೆ: 25 ಶುಕ್ರವಾರ ಕ್ರಿಸ್‌ಮಸ್, 26 ನಾಲ್ಕನೇ ಶನಿವಾರ, 27 ಭಾನುವಾರ. 25ಕ್ಕೆ ಕಂತು ಇರುವವರ ಚೆಕ್ಕು 23, ಬುಧವಾರ ಮಧ್ಯಾಹ್ನದೊಳಗೆ ನಮ್ಮ ಕೌಂಟರಿಗೆ ಬರಲಿ. ಆಗ ಚೆಕ್ಕಿನಲ್ಲಿ ಏನಾದರೂ ತಪ್ಪಿದ್ದು ವಾಪಸ್ ಬಂದರೂ ಬೇರೆ ವ್ಯವಸ್ಥೆ ಮಾಡಿಕೊಳ್ಳಲು ಗುರುವಾರ ಪೂರ್ತಿ ಇರುತ್ತದೆ.